ಏಳನೆಯ ಕಾಲನಿಯ ಬಣ್ಣ

ನಮ್ಮ ಬಾಸ್‌ಗೆ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ. ನನಗೂ ಅವರ ಮುಖ ಕಂಡರೆ ಆಗುತ್ತಿರಲಿಲ್ಲ. ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವರು ಹುಬ್ಬಳ್ಳಿ ಕಡೆಯವರು. ನಾನು ವಿಜಯಪುರದ ಕಡೆಯಿಂದ ಬಂದು ಹೈದರಾಬಾದಿನ ಡಿಫೆನ್ಸ್ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಒಂದೇ ಭಾಷೆ ಅಂದರೆ ಸ್ನೇಹ ಅಂತ ಯಾರು ಹೇಳಿದರೋ! ಉಳಿದವರನ್ನು ಇಂಗ್ಲಿಷಿನಲ್ಲಿ ಬೈಯುತ್ತಿದ್ದ ಮನುಷ್ಯ ನನ್ನನ್ನು ಮಾತ್ರ ಚೊಕ್ಕ ಕನ್ನಡದಲ್ಲಿ ಬೈಯುತ್ತಿದ್ದರು. ಅದು ಮನಸ್ಸಿಗೆ ನೇರ ತಾಗುತ್ತಿತ್ತು.

ಆಗ ಊರಿಗೆ ಊರೇ ಸಾಫ್ಟ್‌ವೇರ್ ಕೆಲಸದ ಆಸೆಗೆ ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳಿಗೆ ಹೋಗಿ ಜಾವಾ ಕಲಿಯುತ್ತಿತ್ತು. ನಮ್ಮ ಲ್ಯಾಬಿನಿಂದಲೇ ಮೂವರು ಬಿಟ್ಟುಹೋಗಿದ್ದರು. ನಾನು ಹೋಗಲಿಲ್ಲ. ನನಗೆ ಬ್ಯಾಕ್ಟೀರಿಯ ಇಷ್ಟ, ಅಷ್ಟೇ. ಕೆಲಸ ಆರು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ. ಪ್ರತಿ ಸಲ ಮುಂದುವರಿಸುವ ಸಹಿ ಅವರದೇ.

ನನಗೆ ಕೊಟ್ಟದ್ದು ಒಂದು ಪುಟ್ಟ ಡಿಎನ್‌ಎ ಚೂರು, ನೂರೆಂಬತ್ತು ಅಕ್ಷರದ್ದು. ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್‌ಎಯನ್ನು ಕಿಣ್ವದಿಂದ ಕತ್ತರಿಸಿ, ಬಾಯಿ ತೆರೆದ ಜಾಗದಲ್ಲಿ ಈ ಚೂರನ್ನು ಅಂಟಿಸಿ, ಬ್ಯಾಕ್ಟೀರಿಯದೊಳಗೆ ಕಳಿಸಬೇಕು. ಅಂಟಿತೋ ಇಲ್ಲವೋ ಎಂದು ಹೇಳುವುದು ಬಣ್ಣ. ಕತ್ತರಿಸುವ ಜಾಗ ಒಂದು ಜೀನಿನ ನಟ್ಟನಡುವೆ ಇರುತ್ತದೆ. ಆ ಜೀನು ಸರಿಯಿದ್ದರೆ, ಬ್ಯಾಕ್ಟೀರಿಯ ಬೆಳೆಸುವ ತಟ್ಟೆಯಲ್ಲಿ ಹಾಕಿರುವ ಎಕ್ಸ್-ಗ್ಯಾಲ್ ಎಂಬ ಪುಡಿಯನ್ನು ಬ್ಯಾಕ್ಟೀರಿಯ ಒಡೆಯುತ್ತದೆ, ಅದರ ಚುಕ್ಕೆ, ಅಂದರೆ ಕಾಲನಿ, ನೀಲಿಯಾಗುತ್ತದೆ. ಚೂರು ನಡುವೆ ಕೂತು ಜೀನು ಕೆಟ್ಟರೆ ಬಿಳಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಲ್ಯಾಬಿನ ವೇದವಾಕ್ಯ ಒಂದೇ: ಬಿಳಿಯದನ್ನು ಆರಿಸು, ನೀಲಿಯದನ್ನು ಬಿಸಾಡು.

ನಾನೂ ಹಾಗೆಯೇ ಮಾಡಿದೆ. ಹನ್ನೆರಡು ಬಿಳಿ ಕಾಲನಿ ಆರಿಸಿ, ಒಳಗೆ ಚೂರು ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡಿದರೆ ಹನ್ನೆರಡೂ ಖಾಲಿ. ಮತ್ತೆ ಹನ್ನೆರಡು, ಮತ್ತೆ ಖಾಲಿ. ಬಾಸ್ ಎಲ್ಲರ ಮುಂದೆ ನಿಂತು, "ನಿಮ್ಮ ಕೈಯಾಗ ಏನ್ ಐತ್ರಿ, ಹಾಂ? ಬಿಳಿ ಯಾವ್ದು ನೀಲಿ ಯಾವ್ದು ಅಂತ ಕಣ್ಣಿಗೆ ಕಾಣ್ಸಂಗಿಲ್ಲೇನು?" ಅಂದರು.

"ಸರ್, ಕಿಣ್ವ ಭಾಳ ಹಳೇದೈತ್ರಿ," ಅಂದೆ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದು ನಕ್ಕರು. "ಶುಕ್ರವಾರದೊಳಗ ಚೂರು ಕೂತ ಕ್ಲೋನ್ ತೋರಸ್ರಿ. ಇಲ್ಲಾಂದ್ರ ಈ ಸಲದ ಕಾಗದಕ್ಕ ಸಹಿ ಬೀಳಂಗಿಲ್ಲ."

ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಆ ಮನುಷ್ಯನನ್ನು ಮನಸ್ಸಿನಲ್ಲೇ ಝಾಡಿಸಿದೆ. ಅವ್ವನಿಗೆ ಹೇಳಿಕೊಂಡೆ. ಅವಳಿಗೆ ಡಿಎನ್‌ಎ ಗೊತ್ತಿಲ್ಲ. ರೊಟ್ಟಿ ತಟ್ಟುತ್ತಲೇ, "ಬೆಳ್ಳಗಿರೋದೆಲ್ಲಾ ಹಾಲಲ್ಲ, ನೋಡಿ ತಗೋ," ಅಂದಳು.

ಮರುದಿನ ಬಿಸಾಡಬೇಕಿದ್ದ ತಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿದೆ. ಚೂರು ಹಾಕದ, ಬರೀ ಪ್ಲಾಸ್ಮಿಡ್ಡಿನ ತಟ್ಟೆಯಲ್ಲಿ ಕಾಲನಿಗಳು ಶಾಯಿಯಷ್ಟು ಗಾಢ ನೀಲಿ. ನನ್ನ ತಟ್ಟೆಯಲ್ಲಿ ಗಾಢ ನೀಲಿಯೂ ಇತ್ತು, ಬಿಳಿಯೂ ಇತ್ತು, ನಡುನಡುವೆ ಏಳೆಂಟು ಮಾತ್ರ ತಿಳಿನೀಲಿ, ಒಗೆದೊಗೆದು ಮಾಸಿದ ಸೀರೆಯ ಬಣ್ಣ. ಆಗ ತಲೆಗೆ ಹೊಳೆಯಿತು. ಜೀನನ್ನು ಮೂರು ಮೂರು ಅಕ್ಷರವಾಗಿ ಓದಲಾಗುತ್ತದೆ. ನೂರೆಂಬತ್ತು ಮೂರರ ಮಗ್ಗಿಗೆ ಸೇರುವ ಸಂಖ್ಯೆ. ನಡುವೆ ನಿಲ್ಲಿಸು ಎಂಬ ಸಂಕೇತವೂ ಇರದಿದ್ದರೆ, ಚೂರು ಕೂತರೂ ಓದು ತಪ್ಪುವುದಿಲ್ಲ. ಜೀನು ಕುಂಟುತ್ತಾ ಕೆಲಸ ಮಾಡುತ್ತದೆ, ಬಣ್ಣ ತೆಳುವಾಗುತ್ತದೆ. ಬಿಳಿಯವುಗಳಲ್ಲಿ ಹಾಳು ಕಿಣ್ವ ತುದಿಯ ಒಂದೆರಡು ಅಕ್ಷರ ಕಡಿದು ಹಾಕಿರಬೇಕು. ಚೂರಿಲ್ಲದೆ ಪ್ಲಾಸ್ಮಿಡ್ ಬಾಯಿ ಮುಚ್ಚಿಕೊಂಡರೂ ಓದು ತಪ್ಪಿ ಜೀನು ಕೆಟ್ಟಿದೆ.

ಆರು ಬಿಳಿ, ಎರಡು ತಿಳಿನೀಲಿ ಆರಿಸಿದೆ. ಪಿಸಿಆರ್ ಮಾಡಿ, ಡಿಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿ ನೋಡಿದರೆ ಒಂದರಿಂದ ಆರು ಖಾಲಿ. ಏಳು, ಎಂಟರ ಪಟ್ಟೆ ಸರಿಯಾಗಿ ನೂರೆಂಬತ್ತು ಅಕ್ಷರದಷ್ಟು ಮೇಲೆ! ಅಯ್ಯೋ, ಕುಣಿಯುವುದೊಂದು ಬಾಕಿ. ಏಳನೆಯದರ ಡಿಎನ್‌ಎ ಅಕ್ಷರಗಳನ್ನೇ ಓದಿಸಿದಾಗಲೂ ಚೂರು ಅಲ್ಲೇ ಇತ್ತು.

ಬಾಸ್ ಫೋಟೊ ನೋಡಿದರು. ಶಭಾಷ್ ಅನ್ನಲಿಲ್ಲ. "ಲ್ಯಾಬ್ ಬುಕ್‌ನ್ಯಾಗ ಬಿಳಿ ಅಂತ ಬರೀರಿ," ಅಂದರು.

"ಆದ್ರ ಅದು ತಿಳಿನೀಲಿ ಐತ್ರಿ ಸರ್."

"ಬಿಳಿ ಕಾಲನಿ ಸಿಕ್ಕೈತಿ ಅಂತ ನಾ ಮೀಟಿಂಗಿನ್ಯಾಗ ಮೊದಲ ಹೇಳಿಬಿಟ್ಟೇನಿ. ನೀಲಿ ಆರಿಸಿದ್ವಿ ಅಂದ್ರ ನಗತಾರ. ನಿಮಗ ಸಹಿ ಬೇಕೋ ಬ್ಯಾಡೋ?"

ಬರೆದೆ. ಇಷ್ಟೊಂದು ಸಿಟ್ಟಿನ ಹೆಂಗಸು, ಬಾಯಿ ಮುಚ್ಚಿಕೊಂಡು ಬರೆದೆ. 'ಏಳನೆಯ ಕಾಲನಿ, ಬಿಳಿ.' ಅವರು ಕಾಗದಕ್ಕೆ ಸಹಿ ಹಾಕಿದರು. ಆ ದಿನದಿಂದ ಅವರ ಮೇಲಿನ ಸಿಟ್ಟು ದುಪ್ಪಟ್ಟಾಯಿತು. ಅದರಲ್ಲಿ ಅರ್ಧ ನನ್ನ ಮೇಲಿನದು ಅಂತ ಒಪ್ಪಿಕೊಳ್ಳಲು ತಡವಾಯಿತು.

ಮುಂದಿನ ಬೇಸಿಗೆಯಲ್ಲಿ ಡೀಪ್ ಫ್ರೀಜರ್ ಕೆಟ್ಟು ಒಳಗಿದ್ದದ್ದೆಲ್ಲ ಕರಗಿಹೋಯಿತು, ಏಳನೆಯದೂ. ಮತ್ತೆ ಮಾಡುವ ಕೆಲಸ ಬೀದರಿನಿಂದ ಹೊಸದಾಗಿ ಬಂದ ಹುಡುಗಿಗೆ ಬಿತ್ತು. ಎರಡು ಬಸ್ಸು ಬದಲಿಸಿ ಬರುತ್ತಿದ್ದಳು, ಬಾಯಲ್ಲಿ ಯಾವಾಗಲೂ 'ಅಕ್ಕಾ, ಅಕ್ಕಾ.' ನನ್ನ ಬುಕ್ಕನ್ನು ಎದುರಿಗಿಟ್ಟುಕೊಂಡು, ಬೇರೆ ಫ್ರೀಜರಿನಲ್ಲಿ ಉಳಿದಿದ್ದ ಅದೇ ಹಳೆಯ ಕಿಣ್ವದಿಂದ, ಬಿಳಿಯದನ್ನಷ್ಟೇ ಆರಿಸಿದಳು. ಖಾಲಿ. ಮತ್ತೆ ಖಾಲಿ.

"ನಿಮಗ ಬಿಳೀದ್ರಾಗ ಸಿಕ್ಕಿತ್ತಲ್ರಿ ಅಕ್ಕಾ," ಎಂದು ಕೇಳಿದಳು. "ನಾ ಏನ್ ತಪ್ಪು ಮಾಡಾಕತ್ತೀನ್ರಿ?"

"ಇನ್ನೊಮ್ಮೆ ಮಾಡು," ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ! ನನ್ನ ಕಾಗದದ ಸಹಿಗೆ ಇನ್ನೂ ಎರಡು ವಾರ ಇತ್ತು. ಒಂದು ವಾರ ಸುಮ್ಮನಿದ್ದೆ.

ಎಂಟನೆಯ ದಿನ ಬಾಸ್ ಅವಳ ಮುಂದೆ ನಿಂತು ಅದೇ ಗಾದೆ ಹೇಳಿದರು. ಅದೇ ನಗೆ. "ಸೋಮವಾರದಿಂದ ಬರಬ್ಯಾಡ್ರಿ," ಅಂದರು. ಹುಡುಗಿ ಅಳಲೂ ಇಲ್ಲ, ಕೈಗವಸು ತೆಗೆದು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ ನಿಂತಳು.

ನನಗೆ ತಡೆಯಲಾಗಲಿಲ್ಲ. ಫ್ರಿಜ್ಜಿನಲ್ಲಿದ್ದ ಅವಳ ತಟ್ಟೆ ತೆಗೆದು ಬೆಳಕಿಗೆ ಹಿಡಿದೆ. ಇದ್ದವು, ಮಾಸಿದ ನೀಲಿ ಚುಕ್ಕೆಗಳು, ಐದಾರು. "ಆಕಿ ಕೈ ಸರಿ ಐತ್ರಿ ಸರ್. ಚೂರು ಇವುಗಳೊಳಗ ಐತಿ. ಹೋದ ಸಲ ಸಿಕ್ಕಿದ್ದೂ ತಿಳಿನೀಲಿಯೊಳಗ. ನಿಮಗೂ ಗೊತ್ತೈತಿ," ಅಂದೆ. ಬುಕ್ಕು ತೆರೆದು 'ಬಿಳಿ' ಎಂಬುದರ ಮೇಲೆ ಗೆರೆ ಎಳೆದು 'ತಿಳಿನೀಲಿ' ಎಂದು ಬರೆದೆ. ಲ್ಯಾಬಿಡೀ ಕೆಲಸ ನಿಲ್ಲಿಸಿ ನೋಡುತ್ತಿತ್ತು.

ಬಾಸ್ ರೇಗಲಿಲ್ಲ. ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು, ಗೆರೆಯ ಕೆಳಗಿನ ಹಳೆಯ ಪದದ ಮೇಲೆ ಬೆರಳಿಟ್ಟರು.

"ಹಂಗಾರ ಸುಳ್ಳು ಬರದವರು ಯಾರ್ರೀ?" ಎಂದು ತಣ್ಣಗೆ ಕೇಳಿದರು. "ಈ ಅಕ್ಷರ ಯಾರದು?"

ಬರೆಸಿದವರು ನೀವೇ ಅಂತ ಕೂಗಿದೆ. ಆದರೆ ಅದು ಎಲ್ಲೂ ಬರೆದಿರಲಿಲ್ಲ. ಹುಡುಗಿಯ ತಿಳಿನೀಲಿಯಲ್ಲಿ ಚೂರು ಸಿಕ್ಕಿತು, ಅವಳ ಕೆಲಸ ಉಳಿಯಿತು. ಮುಂದಿನ ವಾರ ನನ್ನ ಕಾಗದಕ್ಕೆ ಸಹಿ ಬೀಳಲಿಲ್ಲ.

ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕೊನೆಯ ದಿನ ಚೀಲ ತುಂಬುವಾಗ ಹುಡುಗಿ ಹತ್ತಿರ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ.

"ನಾ ಕೇಳಿದ ದಿನಾನ ಯಾಕ ಹೇಳಲಿಲ್ರಿ?" ಅಂದಳು. ಅಕ್ಕಾ ಅನ್ನಲಿಲ್ಲ.