ಪೂಜೆಗಿಟ್ಟ ಕೋವಿ

ಅಂಬ್ಲಿಗೊಳ ಜಲಾಶಯದ ನೀರು ಹರಿಯುವ ನಮ್ಮ ಗದ್ದೆಗೆ ಹಂದಿಗಳ ಕಾಟ. ಅದಕ್ಕೆಂದೇ ನನ್ನ ಹೆಸರಲ್ಲಿ ಬೆಳೆ ರಕ್ಷಣೆಯ ಲೈಸೆನ್ಸು, ಒಂದು ಒಂಟಿ ನಳಿಗೆಯ ಕೋವಿ. ಅದರ ವಿಷಯದಲ್ಲಿ ನನ್ನಷ್ಟು ಶಿಸ್ತಿನವನಿಲ್ಲ ಎಂದು ಊರೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಗದ್ದೆಯಿಂದ ಬಂದೊಡನೆ ನಳಿಗೆ ಬಗ್ಗಿಸಿ, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಟ್ರಿಗರಿಗೆ ಲಾಕು ಹಾಕಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಿದ್ದೆ. ತೋಟಾಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದ ಪೆಟ್ಟಿಗೆಯಲ್ಲಿ. ಬೀಗದ ಕೈಗಳು ನನ್ನ ಉಡಿದಾರದಲ್ಲಿ. ಅಟ್ಟದ ಮೇಲೆ ಬಚ್ಚಿಟ್ಟರೆ ಸಾಕು ಎನ್ನುವವರನ್ನು ಕಂಡು ನಗುತ್ತಿದ್ದೆ. ಮಕ್ಕಳಿಗೆ ತಿಳಿಯದ ಜಾಗ ಯಾವ ಮನೆಯಲ್ಲಿದೆ?

ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ನೋಡಲಿ ಎಂದು ನಾನೂ ಬೀಗುತ್ತಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಕುಡುಗೋಲು, ಗುದ್ದಲಿಗಳ ಜೊತೆ ಕೋವಿಯನ್ನೂ ದೇವರ ಮುಂದೆ ಇಟ್ಟೆ. ಅವ್ವ ಲಾಕು ನೋಡಿ ಮುಖ ಸಿಂಡರಿಸಿದಳು.

"ದೇವ್ರ ಮುಂದೆ ಬೀಗ ಹಾಕಿಡ್ತಾರೇನೋ? ತೆಗಿ. ತೋಟಾನೂ ತಂದಿಡು, ಅದೇನು ಆಯುಧ ಅಲ್ವಾ?"

"ಪೂಜೆ ಮುಗಿದ ತಕ್ಷಣ ಒಳಗಿಡ್ತೀನಿ ನೋಡು."

"ನಾಳೆ ಬನ್ನಿ ಮುಡಿಯೋ ತನಕ ಅದನ್ನ ಯಾರೂ ಕದಲ್ಸಂಗಿಲ್ಲ."

ಹೆಂಡತಿ ಬೇಡವೆಂದಳು. ಹಬ್ಬದ ದಿನ ತಕರಾರು ತೆಗೀಬೇಡ ಎಂದು ಅವಳನ್ನೇ ಗದರಿದೆ. ಉಡಿದಾರದ ಬೀಗದ ಕೈಯಿಂದ ಲಾಕು ತೆಗೆದೆ. ನಾಲ್ಕು ತೋಟಾಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಕುಂಕುಮವಿಟ್ಟು, ಪಂಪ್‌ಸೆಟ್ಟಿಗೆ ಪೂಜೆ ಮಾಡಲು ಗದ್ದೆಗೆ ಹೋದೆ. ಕೈಯಲ್ಲಿ ಕರ್ಪೂರ ಹಿಡಿದಿದ್ದಾಗಲೇ ಮನೆ ಕಡೆಯಿಂದ ಈಡಿನ ಸದ್ದು ಕೇಳಿತು.

ನನ್ನ ಮಗಳು ನನ್ನ ಹಾಗೆಯೇ ನಳಿಗೆ ಬಗ್ಗಿಸಿದ್ದಳು. ತೋಟಾ ತುಂಬಿ ಮುಚ್ಚಿದ್ದಳು. ನಳಿಗೆಯ ಹಿಂದಿನ ಕುದುರೆಯನ್ನು ಎರಡೂ ಹೆಬ್ಬೆರಳುಗಳಿಂದ ಹಿಂದಕ್ಕೆ ಎಳೆಯುವಾಗ ಅದು ಜಾರಿ, ಈಡು ಅವಳ ಎಡಪಾದಕ್ಕೇ ಬಿದ್ದಿತ್ತು. ಶಿಕಾರಿಪುರದಲ್ಲಿ ಕಟ್ಟು ಹಾಕಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಎಡಗಾಲನ್ನು ಪಾದದ ಗಂಟಿನ ಮೇಲಕ್ಕೆ ಕತ್ತರಿಸಿದರು.

ಪೊಲೀಸರು ಕೋವಿ ಒಯ್ದರು, ನನ್ನ ಮೇಲೆ ಕೇಸು ಹಾಕಿದರು. ನೆಂಟರು ಬಾಳೆಹಣ್ಣು ಹಿಡಿದು ಬಂದು, ಪೂಜೆಯಲ್ಲಿ ಏನೋ ಲೋಪವಾಗಿರಬೇಕು ಎಂದು ಕನಿಕರ ತೋರಿದರು. ಅವರ ಬಾಯಿಗೆ ಹೊಡೆಯಬೇಕೆನಿಸಿತು. ಆದರೆ ಸುಮ್ಮನೆ ತಲೆ ಆಡಿಸಿದೆ, ಯಾಕೆಂದರೆ ಆ ಮಾತು ನನ್ನನ್ನು ಬಚಾವು ಮಾಡುತ್ತಿತ್ತು.

ಮನೆಗೆ ಬಂದ ವಾರಕ್ಕೆ ಮಗಳು ಹಾಸಿಗೆಯಲ್ಲಿ ಕೂತು ಕೇಳಿದಳು.

"ಅಪ್ಪಾ, ಆವತ್ತು ಲಾಕು ಯಾಕೆ ತೆಗ್ದಿದ್ದೆ?"

ಬಾಗಿಲ ಬಳಿ ಅವ್ವ ಗಂಜಿಯ ಲೋಟ ಹಿಡಿದು ನಿಂತಿದ್ದಳು. ಅವಳಿಗೆ ಕೇಳಲಿ ಎಂದೇ ಜೋರಾಗಿ ಹೇಳಿದೆ.

"ನಿಮ್ಮಜ್ಜಿ ತೆಗೀ ಅಂದ್ಲು."

ಅವ್ವ ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಹೋದಳು. ಮಗಳು ನನ್ನ ಮುಖವನ್ನೇ ನೋಡಿದಳು.

"ಬೀಗದ ಕೈ ಅಜ್ಜಿ ಹತ್ರ ಇರ್ಲಿಲ್ವಲ್ಲ," ಎಂದಳು.