ಇದರಾಗ ಅರ್ಧ

ಮೋನಮ್ಮನ ಸಾಂಬಾರಿಗೆ ಉಪ್ಪಿರುವುದಿಲ್ಲ ಎಂಬುದು ಗೋಗಿ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಇಪ್ಪತ್ತೈದು ವರ್ಷ ಒಲೆ ಹಚ್ಚಿದಳು, ಇಪ್ಪತ್ತೈದು ವರ್ಷವೂ ಅದೇ ಸಪ್ಪೆ. ಉಪ್ಪಿನ ಪಾಕೀಟು ಮನೆಗೆ ಸಾಗಿಸುತ್ತಾಳೆ ಎಂದು ಆಡಿಕೊಂಡವರೂ ಇದ್ದರು. ಆಡುವ ಬಾಯಿಗೆ ಬೀಗ ಹಾಕುವವರು ಯಾರು? ಅವಳು ಉಪ್ಪಿಗೆ ಹೆದರುತ್ತಾಳೆ ಎಂದು ಯಾರಿಗಾದರೂ ಹೇಗೆ ಹೊಳೆಯಬೇಕು?

ಅವಳಿಗೆ ಅರವತ್ತು ತುಂಬಲು ಇನ್ನು ಹನ್ನೆರಡು ದಿನ ಉಳಿದಿದ್ದವು. ಆಮೇಲೆ ಈ ಬಾಗಿಲು ಬಿಟ್ಟು ಮನೆಯಲ್ಲಿ ಕೂರಬೇಕು. ಅದರ ಚಿಂತೆ ಅವಳಿಗೆ ಇರಲಿಲ್ಲ. ಅವಳ ಎದೆಯಲ್ಲಿ ಕೂತಿದ್ದು ಒಂದೇ ಒಂದು ಪ್ರಶ್ನೆ. ಮೂವತ್ತೊಂದು ವರ್ಷದಿಂದ ಯಾರನ್ನೂ ಕೇಳದೆ ಇಟ್ಟುಕೊಂಡದ್ದು. ಇಲ್ಲಿಂದ ಹೊರಟ ಮೇಲೆ ಕೇಳಲು ತಿಳಿದವರು ಸಿಗುವುದಿಲ್ಲ.

ಆ ಶನಿವಾರ ಟೀಚರ್ ಗೊಲ್ಲಾಳಮ್ಮ ಒಲೆ ಹಚ್ಚುವುದು ಬೇಡ ಎಂದಳು. ಮಕ್ಕಳೇ ಹಣ್ಣಿನ ಚಾಟ್ ಮಾಡಲಿ, ಕೈ ತೊಳೆಯುವುದು, ಅಳೆಯುವುದು, ಹಂಚಿಕೊಂಡು ತಿನ್ನುವುದು ಮೂರನ್ನೂ ಒಂದೇ ಏಟಿಗೆ ಕಲಿಯಲಿ ಎಂದು ಅವಳ ಲೆಕ್ಕ. ಹುಡುಗಿ ಚುರುಕು. ಶಹಾಪುರದಿಂದ ಬಾಳೆಹಣ್ಣು, ಪಪ್ಪಾಯಿ, ಪೇರಲ ಹಣ್ಣು, ಎರಡು ನಿಂಬೆ ಹೊತ್ತುಕೊಂಡು ಬಂದಿದ್ದಳು. ಜೀರಿಗೆ ಪುಡಿಯನ್ನು ಮನೆಯಲ್ಲೇ ಹುರಿದು ಕುಟ್ಟಿ ತಂದಿದ್ದಳು.

ಹದಿನೆಂಟು ಮಕ್ಕಳು ನಳದ ಮುಂದೆ ಸಾಲಾಗಿ ನಿಂತರು. ಉಗುರು ತೋರಿಸಿ, ಬೆರಳ ಸಂದಿಯನ್ನೂ ಬಿಡದೆ ಸಾಬೂನು ಹಚ್ಚಿ ತೊಳೆದುಕೊಂಡರು. ತೊಳೆದ ಕೈಯನ್ನು ಅಂಗಿಗೆ ಒರೆಸಿಕೊಂಡ ಒಬ್ಬನನ್ನು ಟೀಚರ್ ಮತ್ತೆ ನಳಕ್ಕೆ ಅಟ್ಟಿದಳು. ಹಣ್ಣುಗಳನ್ನೂ ಕತ್ತರಿಸುವ ಮೊದಲೇ ತೊಳೆದರು. ಪಪ್ಪಾಯಿ, ಪೇರಲ ಹೆಚ್ಚುವ ಚಾಕು ಮೋನಮ್ಮನ ಕೈಯಲ್ಲಿ. ಮಕ್ಕಳು ಬಾಳೆಹಣ್ಣು ಸುಲಿದು ಚಮಚದ ಅಂಚಿನಿಂದ ತುಂಡು ಮಾಡಿದರು. ನಾಲ್ಕು ಗುಂಪು, ನಾಲ್ಕು ಬೋಗುಣಿ. ಒಂದೊಂದಕ್ಕೂ ಬಾಳೆಹಣ್ಣು ಒಂದು ಬಟ್ಟಲು, ಪಪ್ಪಾಯಿ ಒಂದು ಬಟ್ಟಲು, ಪೇರಲ ಅರ್ಧ ಬಟ್ಟಲು. ಉಪ್ಪು ಹಾಕಿದರೆ ಹಣ್ಣು ನೀರು ಬಿಡುತ್ತದೆ, ಅದಕ್ಕೇ ಅದು ಕೊನೆಗೆ ಎಂದು ಟೀಚರ್ ಹೇಳಿಕೊಟ್ಟಳು. ಕಾಲು ಚಮಚ ಮಾತ್ರ, ತಲೆ ಸವರಿದ್ದು. ಚಮಚ ಹಿಡಿಸುವ ಕೆಲಸ ಮೋನಮ್ಮನಿಗೆ ಬಂತು.

ಬೇಡ ಎನ್ನಲು ಅವಳು ಬಾಯಿ ತೆರೆದಳು. ಆದರೆ ಟೀಚರ್ ಆಗಲೇ ನಿಂಬೆಹಣ್ಣಿನ ಬೀಜ ತೆಗೆಯುತ್ತಿದ್ದಳು.

ಮೊದಲ ಗುಂಪಿನಲ್ಲಿದ್ದವಳು ಹಬೀಬಾ, ನಾಲ್ಕು ವರ್ಷದ ಪೋರಿ. ಚಮಚವನ್ನು ಡಬ್ಬಿಯಲ್ಲಿ ಮುಳುಗಿಸಿ ಗುಡ್ಡದಂತೆ ಉಪ್ಪು ತುಂಬಿಕೊಂಡು ಬೋಗುಣಿಯತ್ತ ಹೊರಟಳು. ಮೋನಮ್ಮ ಅವಳ ಮುಂಗೈಯನ್ನು ಗಪ್ಪನೆ ಹಿಡಿದಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಚಮಚ ಉರುಳಿತು, ಉಪ್ಪು ನೆಲದ ಮೇಲೆಲ್ಲ ಚೆಲ್ಲಿತು, ಮಗು ಬಿಕ್ಕಿ ಬಿಕ್ಕಿ ಅಳತೊಡಗಿತು. ಒಂದು ದಿನವೂ ಯಾವ ಮಗುವಿನ ಮೇಲೂ ಕೈ ಎತ್ತದ ಹೆಂಗಸು! ಟೀಚರ್ ಮಗುವನ್ನು ಸಮಾಧಾನ ಮಾಡಿದಳು, ಚಮಚ ತೊಳೆದು ಒರೆಸಿ ಮತ್ತೆ ಉಪ್ಪು ತುಂಬಿದಳು, ಅದರ ಮೇಲೆ ಇನ್ನೊಂದು ಚಮಚದ ಹಿಡಿಯನ್ನು ಎಳೆದಳು. ಮೇಲಿನ ಗುಡ್ಡ ಡಬ್ಬಿಗೆ ಬಿತ್ತು. ಉಳಿದದ್ದರಲ್ಲಿ ಕಾಲು ಭಾಗ ಮಾತ್ರ ಹಬೀಬಾಳ ಕೈಯಿಂದ ಬೋಗುಣಿಗೆ ಹೋಯಿತು, ಕಂಡೂ ಕಾಣದಷ್ಟು.

ಮೋನಮ್ಮ ಅದನ್ನೇ ನೋಡುತ್ತ ನಿಂತಳು.

ಮೂವತ್ತೊಂದು ವರ್ಷದ ಹಿಂದೆ, ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ, ಊರೆಲ್ಲ ಅದನ್ನೇ ಕೊಡದಲ್ಲಿ ತಂದು ಕುಡಿಯಿತು. ಕಾಲುವೆ ಬಂತೆಂಬ ಸಂಭ್ರಮದಲ್ಲಿ ಅದರಲ್ಲಿ ಎಮ್ಮೆ ಮೈ ತೊಳೆದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮೋನಮ್ಮನ ಮಗಳು ದ್ಯಾವಮ್ಮನಿಗೆ ಮೂರು ವರ್ಷ. ವಾಂತಿ ಭೇದಿ ಹತ್ತಿತು. ದವಾಖಾನೆಯ ನರ್ಸಬಾಯಿ ಓಣಿಯಲ್ಲಿ ನಿಂತು, ಒಂದು ಲೀಟರು ನೀರಿಗೆ ಉಪ್ಪು ಸಕ್ಕರೆ ಕಲಸಿ ಕುಡಿಸಿ, ಒಂದು ಆರು ಚಮಚ, ಇನ್ನೊಂದು ಅರ್ಧ ಚಮಚ ಎಂದು ಬಿಡಿಸಿ ಹೇಳಿ ಮುಂದಿನ ಮನೆಗೆ ಓಡಿದಳು. ಮನೆ ಸೇರುವಷ್ಟರಲ್ಲಿ ಯಾವುದು ಆರು, ಯಾವುದು ಅರ್ಧ ಎಂಬುದು ಮೋನಮ್ಮನಿಗೆ ಕಲಸಿಹೋಗಿತ್ತು. ಅವಳು ಬಡವರ ಬುದ್ಧಿಯಿಂದ ತೂಗಿ ನೋಡಿದಳು. ಸಕ್ಕರೆ ದುಬಾರಿ, ರೇಷನ್ನಿನಲ್ಲಿ ಸಿಕ್ಕರೆ ಸಿಕ್ಕಿತು. ಹಾಗಾದರೆ ಅರ್ಧ ಅಂದದ್ದು ಸಕ್ಕರೆಯನ್ನೇ. ಉಪ್ಪು ಗಡಿಗೆ ತುಂಬ ಇತ್ತು. ಆರು ಚಮಚ ಹಾಕಿದಳು, ಮಗಳ ಮೇಲಿನ ಪ್ರೀತಿಗೆ ತುಂಬಿ ತುಂಬಿ ಹಾಕಿದಳು.

ಮಗು ಮುಖ ಕಿವುಚಿತು. "ಯವ್ವಾ, ಬ್ಯಾರೆ ನೀರ್ ಕೊಡು," ಎಂದಿತು. ಔಷಧ ಹೀಗೇ ಇರುತ್ತದೆ ಎಂದು ಮೂಗು ಹಿಡಿದು ಅದನ್ನೇ ಕುಡಿಸಿದಳು. ನೀರಡಿಕೆ ಹೆಚ್ಚಾಯಿತು, ಮತ್ತೆ ಅದನ್ನೇ ಕುಡಿಸಿದಳು. ಮರುದಿನ ಹೊತ್ತು ಮುಳುಗುವಷ್ಟರಲ್ಲಿ ದ್ಯಾವಮ್ಮ ಇರಲಿಲ್ಲ. ಆ ವಾರ ಊರಿನಲ್ಲಿ ಇನ್ನೂ ಎರಡು ಮಕ್ಕಳು ತೀರಿಕೊಂಡವು. ಭೇದಿಯೇ ಒಯ್ದಿತು ಎಂದರು ಜನ. ಮೋನಮ್ಮನೂ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅಂಗನವಾಡಿ ಸೇರಿದ ಮೇಲೆ ನರ್ಸುಗಳು ತಾಯಂದಿರಿಗೆ ಭೇದಿಯ ವಿಷಯ ಹೇಳಲು ಕುಳಿತರೆ ಸಾಕು, ಪಾತ್ರೆ ತೊಳೆಯುವ ನೆವ ಹೇಳಿ ಹಿತ್ತಲಿಗೆ ಹೋಗಿಬಿಡುವಳು. ಗೋಡೆಯ ಮೇಲಿನ ಉಪ್ಪು ಸಕ್ಕರೆ ಅಳತೆಯ ಪಟ್ಟಿಯನ್ನು ದಿನಾ ಒರೆಸಿದಳು; ಓದು ಬರದಿದ್ದುದೇ ಅವಳಿಗೆ ಆಸರೆಯಾಗಿತ್ತು.

ಚಾಟ್ ಕಲಸಿಯಾಯಿತು. ಟೀಚರ್ ಒಂದೊಂದು ಸೌಟು ಅಳೆದು ಬಟ್ಟಲಿಗೆ ಹಾಕಿದಳು. ಪ್ರತಿ ಮಗುವೂ ಮೊದಲ ಬಟ್ಟಲನ್ನು ಪಕ್ಕದವರಿಗೆ ಕೊಟ್ಟು ಆಮೇಲೆ ತನ್ನದನ್ನು ತೆಗೆದುಕೊಳ್ಳಬೇಕೆಂಬ ನಿಯಮ. ಹಬೀಬಾ ತನ್ನ ಬಟ್ಟಲನ್ನು ಪಕ್ಕದವರಿಗೆ ಕೊಡಲಿಲ್ಲ. ಕೆನ್ನೆಯ ಮೇಲಿನ ಕಣ್ಣೀರು ಆರುವ ಮುನ್ನವೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೋನಮ್ಮನ ಮುಂದೆ ಬಂದು ನಿಂತಳು.

"ಆಯಮ್ಮ, ಉಪ್ಪು ಸ್ವಲ್ಪೇ ಹಾಕೀನಿ. ತಿನ್ನು."

ಮೋನಮ್ಮ ತಿಂದಳು. ಉಪ್ಪು ಸರಿಯಾಗಿತ್ತು. ಬಟ್ಟಲು ಕೆಳಗಿಟ್ಟು, ಟೀಚರ್ ಹತ್ತಿರ ಹೋಗಿ, ಭೇದಿ ಹತ್ತಿದ ಕೂಸಿಗೆ ಒಂದು ಲೀಟರ್ ನೀರಿಗೆ ಉಪ್ಪು ಆರು ಚಮಚ, ಸಕ್ಕರಿ ಅರ್ಧ ಅಲ್ಲವೇನು ಎಂದು ಕೇಳಿದಳು. ಹೌದು ಎನ್ನಲಿ ಎಂದು ಅವಳ ಜೀವವೆಲ್ಲ ಕಿವಿಗೆ ಬಂದಿತ್ತು.

ಪಾಪ, ಆ ಹುಡುಗಿಗೆ ಏನು ಗೊತ್ತು? ಗೊಲ್ಲಾಳಮ್ಮ ಬಟ್ಟಲು ಜೋಡಿಸುತ್ತ ನಕ್ಕಳು.

"ಉಲ್ಟಾ ಹೇಳಾಕತ್ತೀಯಲ್ಲ ಯಕ್ಕಾ. ಸಕ್ಕರಿ ಆರು, ಉಪ್ಪು ಅರ್ಧ, ತಲಿ ಸವರಿದ್ದು. ಅಷ್ಟ್ ಉಪ್ಪು ಹಾಕಿದ್ರ ಕೂಸು ಉಳಿತದೇನು?"

ಮೋನಮ್ಮ ಅಳಲಿಲ್ಲ. ನೆಲದ ಉಪ್ಪನ್ನು ಗುಡಿಸಿ ಚೆಲ್ಲಿದಳು, ಬೋಗುಣಿ ತೊಳೆದಳು. ಮಧ್ಯಾಹ್ನ ತಾಯಂದಿರು ಮಕ್ಕಳನ್ನು ಕರೆದೊಯ್ಯಲು ಬರುವ ಹೊತ್ತಿಗೆ ಉಪ್ಪಿನ ಡಬ್ಬಿ, ಚಮಚ ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದಳು. ಮೊದಲು ಬಂದವಳು ಹಬೀಬಾಳ ತಾಯಿ ಖಾಜಾಬೀ. ಅವಳ ಸೆರಗು ಹಿಡಿದು ಕೂರಿಸಿ ಸಕ್ಕರೆ ಇಷ್ಟು, ಉಪ್ಪು ಇಷ್ಟು ಎಂದು ಹೇಳತೊಡಗಿದಳು. ಈಗ ದವಾಖಾನೆಯಲ್ಲಿ ಭೇದಿಗೆ ಪುಡಿಯ ಪಾಕೀಟು ಕೊಡುತ್ತಾರೆ, ಇದೆಲ್ಲ ಏತಕ್ಕೆ ಎಂದಳು ಖಾಜಾಬೀ.

"ಪಾಕೀಟ್ ಸಿಗಲಾರದ ದಿನಾನೂ ಬರ್ತದ, ತಂಗಿ. ನಾ ನನ್ನ ಮಗಳಿಗಿ ಉಲ್ಟಾ ಹಾಕಿ ಕುಡಿಸೀನಿ."

ಮೂವತ್ತೊಂದು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಖಾಜಾಬೀ ಚಮಚ ಇಸಿದುಕೊಂಡು, ಉಪ್ಪು ತುಂಬಿ, ತಲೆ ಸವರಿ, ಮುದುಕಿಯ ಕಣ್ಣ ಮುಂದೆ ಹಿಡಿದಳು.

"ಇಷ್ಟೇನು?"

"ಇಲ್ಲವ್ವಾ," ಎಂದಳು ಮೋನಮ್ಮ. "ಇದರಾಗ ಅರ್ಧ."