ಮೂರನೇ ಕೂಗು

ರಾಮಮೂರ್ತಿನಗರದ ನಮ್ಮ ಬೀದಿಯ ನಾಲ್ಕು ಮನೆಗಳಿಗೆ ಅಡುಗೆ ಮಾಡುವ ಜಟ್ಟೆಮ್ಮನವರು ಕುಕ್ಕರ್ ಮುಚ್ಚುವ ಮೊದಲು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ವೆಯ್ಟ್ ಕೂರುವ ಕೊಳವೆಯ ತೂತಿನಲ್ಲಿ ಒಂದು ಕಣ್ಣಿಟ್ಟು ನೋಡುತ್ತಾರೆ. ಬೆಳಕು ಕಾಣದಿದ್ದರೆ ಪಿನ್ನು ಚುಚ್ಚುತ್ತಾರೆ. ದೂರದರ್ಶಕ ಹಿಡಿದಂತೆ ನಿಂತ ಅವರನ್ನು ನಾನು ಎಷ್ಟೋ ಸಲ ಗೇಲಿ ಮಾಡಿದ್ದೆ.

ಮೇ ತಿಂಗಳ ಆ ಬೆಳಗ್ಗೆ ನನಗೆ ಅವಸರ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಆಫೀಸ್ ಬಸ್ ಹಿಡಿಯಬೇಕಿತ್ತು. ಅವರು ಬರುವ ಮೊದಲೇ ತೊಗರಿಬೇಳೆಯನ್ನು ಕುತ್ತಿಗೆಮಟ್ಟ ತುಂಬಿ ನಾನೇ ಮುಚ್ಚಿದೆ. ತೂತು ನೋಡಲಿಲ್ಲ. ಜಟ್ಟೆಮ್ಮ ಬಂದಾಗ ಎರಡು ಕೂಗಾಗಿತ್ತು. ಮೂರನೆಯದು ಬರಲೇ ಇಲ್ಲ. ಅವರು ತಟ್ಟನೆ ಗ್ಯಾಸ್ ಆರಿಸಿದರು.

"ಯಾಕೋ ಸರಿಯಿಲ್ಲ ಪ್ರತಿಭಮ್ಮ. ಹಾಗೇ ಬಿಡಿ, ತಣ್ಣಗಾಗ್ಲಿ."

ನಾನು ಸೌಟಿನ ಹಿಡಿಯಿಂದ ವೆಯ್ಟ್ ಎತ್ತಿದೆ. ಸದ್ದೇ ಇಲ್ಲ.

"ನೋಡಿ, ಪ್ರೆಶರ್ ಇಲ್ಲ!"

"ಸದ್ದು ಬರ್ಲಿಲ್ಲ ಅಂದ್ರೆ ಖಾಲಿ ಅಂತಲ್ಲ. ತೂತಿಗೆ ಬೇಳೆ ಕಟ್ಕೊಂಡಿದ್ರೆ ಆವಿ ಒಳಗೇ ಇರುತ್ತೆ. ಮುಟ್ಬೇಡಿ!"

ಅವಸರವೇ ಅಪಘಾತಕ್ಕೆ ಕಾರಣ ಎಂದು ಬಸ್ಸಿನ ಹಿಂದೆ ದಿನಾ ಓದುವವಳು ನಾನು. ಮುಚ್ಚಳದ ಹಿಡಿಕೆ ತಿರುಗದಿದ್ದಾಗ ಲಟ್ಟಣಿಗೆಯಿಂದ ಹೊಡೆದೆ. ಜಟ್ಟೆಮ್ಮ ನನ್ನನ್ನು ನೂಕಿ ತೋಳು ಅಡ್ಡ ಹಿಡಿದರು. ಮುಚ್ಚಳ ಸೂರಿಗೆ ಬಡಿಯಿತು. ಕುದಿಯುವ ಬೇಳೆ ಅವರ ಮುಂಗೈ ಮೇಲೆ ಸುರಿಯಿತು.

ನಲ್ಲಿಯ ನೀರಿನಡಿ ಇಪ್ಪತ್ತು ನಿಮಿಷ ಆ ಕೈ ಹಿಡಿದು ನಿಂತೆ. ಆಸ್ಪತ್ರೆಯಲ್ಲಿ ಡಾಕ್ಟರ್ "ಯಾರು ತೆಗೆದದ್ದು?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಜಟ್ಟೆಮ್ಮ "ನಾನೇ ಸಾರ್" ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಅವರ ಔಷಧಿಗೆಲ್ಲ ಓಡಾಡಿದೆ, ಆ ಮಾತು ಬೀದಿಯಲ್ಲೆಲ್ಲ ಹಬ್ಬಿದರೂ ಅದನ್ನು ಮಾತ್ರ ತಿದ್ದಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ತಿಂಗಳ ನಂತರ ಅವರು ಕೆಲಸಕ್ಕೆ ಬಂದರು. ನಾನು ಹೆದರಿ, ಹೊಸ ಕುಕ್ಕರನ್ನು ಪೂರ್ತಿ ಆರುವವರೆಗೆ ಬಿಟ್ಟಿದ್ದೆ. ಮುಚ್ಚಳ ಕಚ್ಚಿಕೊಂಡಿತ್ತು. ಜಟ್ಟೆಮ್ಮ ವೆಯ್ಟ್ ಎತ್ತಿದರು. ಸುಯ್ ಎಂದು ಗಾಳಿ ಒಳಗೆ ಹೋಯಿತು. ಮುಚ್ಚಳ ಸಲೀಸಾಗಿ ತಿರುಗಿತು.

"ಅವತ್ತು ಒಳಗಿಂದ ನೂಕ್ತಿತ್ತು, ಇವತ್ತು ಒಳಕ್ಕೆ ಎಳ್ಕೊಂಡಿತ್ತು. ಯಾವ್ದಕ್ಕೂ ಜೋರು ಮಾಡ್ಬಾರ್ದು."

"ಇನ್ನುಳಿದ ಮನೆಗಳಿಗೂ ಹೋಗ್ತಿದ್ದೀರಾ?"

"ಮೇಲಿನ ಮನೆ ವಿಮಲಾಕ್ಷಮ್ಮ ಬಿಡಿಸ್ಬಿಟ್ರು. ಕುಕ್ಕರ್ ಸಿಡಿಸೋರನ್ನ ಇಟ್ಕೊಳಲ್ಲ ಅಂದ್ರು. ಉಳಿದ ಎರಡ್ರಲ್ಲೂ ಬೇರೆಯೋರು ಬಂದವ್ರೆ."

ಸಿಟ್ಟಿನ ಸುಳಿವೂ ಇಲ್ಲದ ಆ ಮಾತು ನನ್ನನ್ನು ಸುಟ್ಟಿತು. ಅವರ ಕೈ ಹಿಡಿದು ಮೆಟ್ಟಿಲು ಹತ್ತಿದೆ. ವಿಮಲಾಕ್ಷಿ ಬಾಗಿಲು ತೆರೆದರು.

"ಅವತ್ತು ಮುಚ್ಚಳ ಹೊಡೆದು ತೆಗ್ದಿದ್ದು ನಾನು. ಇವರು ಬೇಡ ಅಂದ್ರು."

ಅವರು ಜಟ್ಟೆಮ್ಮನ ಮುಂಗೈಯ ಕಲೆ ನೋಡಿದರು, ಆಮೇಲೆ ನನ್ನನ್ನು.

"ಒಂದು ತಿಂಗಳು ಯಾಕ್ರೀ ಸುಮ್ನಿದ್ರಿ?"

ಹಾಗೆನ್ನುತ್ತ ವಿಮಲಾಕ್ಷಿ ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ಜಟ್ಟೆಮ್ಮ ಆಗಲೇ ಚಪ್ಪಲಿ ಬಿಟ್ಟು ಅವರ ಅಡುಗೆಮನೆಗೆ ನಡೆದಿದ್ದರು.